ವೀರಗಲ್ಲಿನ ಹಗುರ ಪ್ರತಿ: ಛಾಯಾಚಿತ್ರಮಾಪನದ ಮಾದರಿಯನ್ನು ಗೇಮ್ ಎಂಜಿನ್ನಿಗೆ ಅಣಿಗೊಳಿಸುವ ವಿಧಾನ

ಪೀಠಿಕೆ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಹೆಬ್ಬಾಳದಲ್ಲಿ 2018ರಲ್ಲಿ ವೀರಗಲ್ಲೊಂದು ಶಾಸನಾಸಕ್ತರ ಗಮನಕ್ಕೆ ಬಂದಿತು. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯನ್ನು ಉಲ್ಲೇಖಿಸುವ ಈ ಕಲ್ಲನ್ನು ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾಗಿದೆ. ಪೆರ್ಬೊಳಲ್ನಾಡಿನ ಮೇಲೆ ರಟ್ಟರ ದಂಡು ಏರಿಬಂದಾಗ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವಿದು. ನಗರದ ಪರಿಸರದಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಅತಿ ಪ್ರಾಚೀನವಾದವುಗಳ ಸಾಲಿಗೆ ಇದು ಸೇರುತ್ತದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ ಮೇಲೂ ಇಂತಹ ಕಲ್ಲುಗಳು ಬೆಳಕಿಗೆ ಬರುತ್ತಲೇ ಇವೆ. ಅದೇ ವೇಳೆ ಆ ಸಂಪುಟದಲ್ಲಿ ದಾಖಲಾದ ಹಲವು ಕಲ್ಲುಗಳು ನಗರದ ವಿಸ್ತರಣೆಯಲ್ಲಿ ಕಣ್ಮರೆಯಾಗಿವೆ. ಈ ಹಿನ್ನೆಲೆಯಲ್ಲಿ ಮಿಥಿಕ್ ಸೊಸೈಟಿಯು ಪಿ.ಎಲ್. ಉದಯಕುಮಾರ್ ಅವರ ನೇತೃತ್ವದಲ್ಲಿ 2021ರಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಯೋಜನೆಯನ್ನು ಆರಂಭಿಸಿತು.

ಸ್ಕ್ಯಾನ್ ಆದ ಕಲ್ಲಿನ ಮಾದರಿಯು ಸಂಶೋಧಕನಿಗೆ ಒಂದು ವಿಧದಲ್ಲಿಯೂ ಸಾರ್ವಜನಿಕರಿಗೆ ಇನ್ನೊಂದು ವಿಧದಲ್ಲಿಯೂ ಬೇಕಾಗುತ್ತದೆ. ಸಂಶೋಧಕನಿಗೆ ಬೇಕಾದುದು ಪ್ರತಿಯೊಂದು ಗೀರನ್ನೂ ಹಿಡಿದಿಟ್ಟ ಭಾರವಾದ ಮಾದರಿ. ವಸ್ತುಸಂಗ್ರಹಾಲಯದ ಪರದೆ, ಶಾಲೆಯ ಗಣಕಯಂತ್ರ ಅಥವಾ ಮೊಬೈಲ್ ಫೋನಿನಲ್ಲಿ ಹಳೆಯ ಹೆಬ್ಬಾಳದ ಕಲ್ಪಿತ ದೃಶ್ಯವೊಂದರ ನಡುವೆ ಅದೇ ಕಲ್ಲನ್ನು ನಿಲ್ಲಿಸಬೇಕಾದರೆ ಬೇಕಾಗುವುದು ಹಗುರವಾದ ಪ್ರತಿ. ಅಂತಹ ದೃಶ್ಯವನ್ನು ನಡೆಸುವ ಗೇಮ್ ಎಂಜಿನ್ ಸೆಕೆಂಡಿಗೆ 60 ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ; ಒಂದು ಚಿತ್ರಕ್ಕೆ ಸಿಗುವ ಕಾಲ 17 ಮಿಲಿಸೆಕೆಂಡಿಗಿಂತ ಕಡಿಮೆ. ಕೋಟಿಗಟ್ಟಲೆ ತ್ರಿಕೋನಗಳ ಕಚ್ಚಾ ಮಾದರಿಯು ಸಾಧಾರಣ ಯಂತ್ರದಲ್ಲಿ ಈ ಅವಧಿಗೆ ಒಗ್ಗುವುದಿಲ್ಲ.

ಭಾರದ ಮಾದರಿಯಿಂದ ಹಗುರ ಪ್ರತಿಯನ್ನು ಪಡೆಯುವ ವಿಧಾನವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ. ಈ ಕೆಲಸದ ಒಂದು ಹಂತದಲ್ಲಿ ಶಾಸನದ ಅಕ್ಷರಗಳು ಆಕಾರವಾಗಿ ಉಳಿಯದೆ ಚಿತ್ರವಾಗಿ ಮಾರ್ಪಡುತ್ತವೆ. ಆ ಮಾರ್ಪಾಡು ಎಲ್ಲಿ, ಹೇಗೆ ನಡೆಯುತ್ತದೆ ಎಂಬುದನ್ನು ಅರಿಯದೆ ಹಗುರ ಪ್ರತಿಯನ್ನು ಓದಲು ತೊಡಗಿದರೆ ಕಲ್ಲಿನಲ್ಲಿ ಇಲ್ಲದ ಅಕ್ಷರ ಕಾಣಬಹುದು, ಇರುವ ಅಕ್ಷರ ಮರೆಯಾಗಬಹುದು.

ವಿವರಣೆಯ ಅನುಕೂಲಕ್ಕಾಗಿ ಒಂದೂವರೆ ಮೀಟರ್ ಎತ್ತರ, ಒಂದು ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪವಿರುವ ವೀರಗಲ್ಲೊಂದನ್ನು ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಅದರ ಅಕ್ಷರಗಳ ಎತ್ತರ 30 ಮಿಲಿಮೀಟರ್, ಗೆರೆಯ ಅಗಲ 5 ಮಿಲಿಮೀಟರ್, ಆಳ 2ರಿಂದ 3 ಮಿಲಿಮೀಟರ್ ಎಂದು ಭಾವಿಸಲಾಗಿದೆ. ಇವು ಲೆಕ್ಕಕ್ಕಾಗಿ ತೆಗೆದುಕೊಂಡ ಅಳತೆಗಳೇ ಹೊರತು ಕಿತ್ತಯ್ಯನ ಕಲ್ಲಿನ ಅಳತೆಗಳಲ್ಲ.

ಛಾಯಾಚಿತ್ರಗಳಿಂದ ಭಾರದ ಮಾದರಿ

ಛಾಯಾಚಿತ್ರಮಾಪನ ಅಥವಾ ಫೋಟೋಗ್ರಾಮೆಟ್ರಿ ಎಂಬುದು ಬೇರೆ ಬೇರೆ ಸ್ಥಾನಗಳಿಂದ ತೆಗೆದ ಚಿತ್ರಗಳಲ್ಲಿ ಒಂದೇ ಬಿಂದುವನ್ನು ಗುರುತಿಸಿ, ಕಿರಣಗಳು ಸಂಧಿಸುವ ಸ್ಥಳವನ್ನು ಲೆಕ್ಕಹಾಕಿ ಆಕಾರವನ್ನು ಕಟ್ಟುವ ವಿಧಾನ. ಇದರ ಫಲಿತಾಂಶವು ಮುಂದಿನ ಎಲ್ಲ ಹಂತಗಳಿಗೂ ಮಿತಿಯಾಗಿರುತ್ತದೆ. ಚಿತ್ರಗಳಲ್ಲಿ ಸಿಕ್ಕದ ವಿವರವನ್ನು ಮುಂದೆ ಯಾವ ತಂತ್ರದಿಂದಲೂ ತರಲಾಗುವುದಿಲ್ಲ.

24 ಮೆಗಾಪಿಕ್ಸೆಲ್‌ಗಳ ಪೂರ್ಣಚೌಕಟ್ಟಿನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲಿನ ಅಗಲ ಸುಮಾರು 0.006 ಮಿಲಿಮೀಟರ್. 50 ಮಿಲಿಮೀಟರ್ ಮಸೂರದಿಂದ ಒಂದು ಮೀಟರ್ ದೂರದಲ್ಲಿ ನಿಂತು ತೆಗೆದರೆ ಕಲ್ಲಿನ ಮೇಲೆ ಒಂದು ಪಿಕ್ಸೆಲ್ ಆವರಿಸುವ ಅಗಲ ಸುಮಾರು 0.12 ಮಿಲಿಮೀಟರ್ ಆಗುತ್ತದೆ. ಒಂದು ಚಿತ್ರದಲ್ಲಿ ಸುಮಾರು 72 ಸೆಂಟಿಮೀಟರ್ ಅಗಲ, 48 ಸೆಂಟಿಮೀಟರ್ ಎತ್ತರದ ಭಾಗ ಸಿಗುತ್ತದೆ. ಅಡ್ಡಲಾಗಿ ಶೇಕಡ 80ರಷ್ಟು, ಲಂಬವಾಗಿ ಶೇಕಡ 60ರಷ್ಟು ಒಂದರ ಮೇಲೊಂದು ಬರುವಂತೆ ಸರಿಯುತ್ತ ಹೋದರೆ ಮುಂಭಾಗಕ್ಕೆ ಸುಮಾರು 80 ಚಿತ್ರಗಳು ಬೇಕಾಗುತ್ತವೆ. ಓರೆಯಾದ ಕೋನಗಳು, ಅಂಚುಗಳು ಮತ್ತು ಹಿಂಭಾಗ ಸೇರಿದರೆ ಒಟ್ಟು ಸಂಖ್ಯೆ 200ರ ಆಸುಪಾಸಿಗೆ ಬರುತ್ತದೆ. ಉದ್ದ ಗೊತ್ತಿರುವ ಅಳತೆಪಟ್ಟಿಯೊಂದು ಕೆಲವು ಚಿತ್ರಗಳಲ್ಲಾದರೂ ಇರಬೇಕು. ಅದಿಲ್ಲದಿದ್ದರೆ ಮಾದರಿಗೆ ಆಕಾರವಿದ್ದರೂ ಗಾತ್ರವಿರುವುದಿಲ್ಲ.

ಬೆಳಕಿನ ವಿಷಯದಲ್ಲಿ ಶಾಸನ ಓದುವವರ ರೂಢಿಗೂ ಇಲ್ಲಿನ ಅಗತ್ಯಕ್ಕೂ ವ್ಯತ್ಯಾಸವಿದೆ. ಅಕ್ಷರ ಎದ್ದುಕಾಣಲೆಂದು ಓದುಗನು ಪಕ್ಕದಿಂದ ಓರೆ ಬೆಳಕು ಬೀಳಿಸುತ್ತಾನೆ. ಛಾಯಾಚಿತ್ರಮಾಪನಕ್ಕೆ ನೆರಳಿಲ್ಲದ, ಎಲ್ಲ ಕಡೆಯಿಂದ ಸಮವಾಗಿ ಬೀಳುವ ಬೆಳಕು ಬೇಕು. ಮೋಡ ಕವಿದ ದಿನ ಇದಕ್ಕೆ ಪ್ರಶಸ್ತ. ಪೂಜೆಗೊಳ್ಳುವ ಕಲ್ಲುಗಳ ಮೇಲಿನ ಎಣ್ಣೆಯ ಜಿಡ್ಡು ಇನ್ನೊಂದು ತೊಡಕನ್ನು ತರುತ್ತದೆ. ಜಿಡ್ಡಿನ ಹೊಳಪು ಕ್ಯಾಮೆರಾದೊಡನೆ ಸರಿಯುವುದರಿಂದ ತಂತ್ರಾಂಶವು ಅದನ್ನು ಕಲ್ಲಿನ ಮೇಲಿನ ಸ್ಥಿರ ಬಿಂದುವೆಂದು ತಪ್ಪಾಗಿ ಎಣಿಸಿ, ಅಲ್ಲಿ ಗುಳಿ ಅಥವಾ ಉಬ್ಬನ್ನು ಸೃಷ್ಟಿಸುತ್ತದೆ. ಕಲ್ಲನ್ನು ಉಜ್ಜಿ ತೊಳೆಯುವುದಕ್ಕಿಂತ, ಫ್ಲಾಶಿನ ಮುಂದೆ ಮತ್ತು ಮಸೂರದ ಮುಂದೆ ಪರಸ್ಪರ ಲಂಬವಾಗಿ ಧ್ರುವೀಕರಣ ಹಾಳೆಗಳನ್ನಿಟ್ಟು ಹೊಳಪನ್ನು ತಡೆಯುವುದು ಸೂಕ್ತ ಮಾರ್ಗ.

ಮೆಶ್‌ರೂಮ್, ಮೆಟಾಶೇಪ್ ಮುಂತಾದ ತಂತ್ರಾಂಶಗಳು ಈ ಚಿತ್ರಗಳಿಂದ ಮೊದಲು ಬಿಂದುಗಳ ಮೋಡವನ್ನೂ ಅನಂತರ ತ್ರಿಕೋನಗಳ ಜಾಲವನ್ನೂ ಕಟ್ಟುತ್ತವೆ. ಮಾದರಿ ಕಲ್ಲಿನ ಒಟ್ಟು ಮೇಲ್ಮೈ ನಾಲ್ಕು ಚದರ ಮೀಟರ್. ಜಾಲದಲ್ಲಿ ಎರಡು ಕೋಟಿ ತ್ರಿಕೋನಗಳಿದ್ದರೆ ಒಂದೊಂದರ ಬದಿ ಸುಮಾರು 0.7 ಮಿಲಿಮೀಟರ್ ಆಗುತ್ತದೆ. 5 ಮಿಲಿಮೀಟರ್ ಅಗಲದ ಅಕ್ಷರದ ಗೆರೆಯ ಅಡ್ಡಕ್ಕೆ ಏಳು ತ್ರಿಕೋನಗಳು ಸಿಗುತ್ತವೆ. ಗೆರೆಯ ತಗ್ಗು, ಇಳಿಜಾರು ಮತ್ತು ತಳವನ್ನು ತೋರಿಸಲು ಇದು ಸಾಕು.

ಕಚ್ಚಾ ಜಾಲದಲ್ಲಿ ಸುತ್ತಲಿನ ನೆಲ, ತೇಲುವ ಚೂರುಗಳು, ಬುಡದಲ್ಲಿ ತೂತುಗಳು ಇರುತ್ತವೆ. ಚೂರುಗಳನ್ನು ಅಳಿಸುವುದು, ತೂತು ಮುಚ್ಚುವುದು ಸುಲಭ. ಮೇಲ್ಮೈಯ ಒರಟನ್ನು ನಯಗೊಳಿಸುವ ಆಜ್ಞೆಯನ್ನು ಮಾತ್ರ ಇಡೀ ಕಲ್ಲಿಗೆ ಅನ್ವಯಿಸಬಾರದು. ಸವೆದ ಅಕ್ಷರದ ಅರ್ಧ ಮಿಲಿಮೀಟರ್ ತಗ್ಗಿಗೂ ಮಾದರಿಯ ಗದ್ದಲಕ್ಕೂ ಇರುವ ವ್ಯತ್ಯಾಸವನ್ನು ಆ ಆಜ್ಞೆ ತಿಳಿಯದು. ಗದ್ದಲವನ್ನು ಅಳಿಸುವಾಗ ಅದು ಅಕ್ಷರವನ್ನೂ ಅಳಿಸುತ್ತದೆ.

ಜಾಲದ ಮರುಹೆಣಿಗೆ

ತ್ರಿಕೋನಗಳ ಸಂಖ್ಯೆಯನ್ನು ತಗ್ಗಿಸಲು ಎರಡು ಮಾರ್ಗಗಳಿವೆ. ಒಂದು, ಇರುವ ಜಾಲದಲ್ಲಿಯೇ ಅಷ್ಟು ಮುಖ್ಯವಲ್ಲದ ಬಿಂದುಗಳನ್ನು ತೆಗೆಯುತ್ತ ಹೋಗುವುದು. ಇದು ಶೀಘ್ರವಾದರೂ ಉಳಿಯುವ ತ್ರಿಕೋನಗಳು ಅಡ್ಡಾದಿಡ್ಡಿಯಾಗಿ, ಕೆಲವೆಡೆ ಸೂಜಿಯಂತೆ ಉದ್ದವಾಗಿ ಇರುತ್ತವೆ. ಅಂತಹ ತ್ರಿಕೋನಗಳ ಮೇಲೆ ಬೆಳಕು ಬಿದ್ದಾಗ ಸಪಾಟಾದ ಕಲ್ಲಿನಲ್ಲಿಯೂ ಮಬ್ಬಾದ ಪಟ್ಟೆಗಳು ಮೂಡುತ್ತವೆ. ಇನ್ನೊಂದು, ಭಾರದ ಜಾಲದ ಮೇಲೆ ಹೊದಿಸಿದಂತೆ ಹೊಸ ಜಾಲವೊಂದನ್ನು ಚತುಷ್ಕೋನಗಳಿಂದ ಹೆಣೆಯುವುದು. ಇದನ್ನು ರಿಟೋಪಾಲಜಿ ಎನ್ನುತ್ತಾರೆ. ಮರುಹೆಣಿಗೆ ಎಂಬ ಪದ ಇದಕ್ಕೆ ಒಪ್ಪುತ್ತದೆ. ಬುಟ್ಟಿ ಹೆಣೆಯುವವನು ಕಡ್ಡಿಗಳನ್ನು ಬಾಗಿನ ದಿಕ್ಕಿಗೆ ಹೊಂದಿಸುವಂತೆ ಇಲ್ಲಿ ಚತುಷ್ಕೋನಗಳ ಸಾಲುಗಳು ಶಿಲ್ಪದ ಅಂಚುಗಳನ್ನು ಅನುಸರಿಸುತ್ತವೆ.

ಚಲಿಸುವ ಮನುಷ್ಯಾಕೃತಿಗೆ ಬೇಕಾದಷ್ಟು ಸೂಕ್ಷ್ಮ ಹೆಣಿಗೆ ನಿಂತ ಕಲ್ಲಿಗೆ ಬೇಡ. ಹಿಂಭಾಗ ಮತ್ತು ಪಕ್ಕಗಳನ್ನು ಇನ್‌ಸ್ಟಂಟ್ ಮೆಶಸ್‌ನಂತಹ ಉಚಿತ ಸಾಧನದಿಂದ ಯಾಂತ್ರಿಕವಾಗಿ ಹೆಣೆಸಬಹುದು. ಕೈಕೆಲಸ ಬೇಕಾಗುವುದು ವೀರನ ಶಿಲ್ಪದ ಸುತ್ತ. ಎರಡು ಮೂರು ಸೆಂಟಿಮೀಟರ್ ಉಬ್ಬಿರುವ ಮುಖ, ತೋಳು, ಕತ್ತಿಗಳ ಹೊರಗೆರೆಯು ಪಕ್ಕದಿಂದ ನೋಡಿದಾಗ ಕಾಣಿಸುತ್ತದೆ. ಹೊರಗೆರೆಯನ್ನು ನಿಜವಾದ ಆಕಾರವಲ್ಲದೆ ಬೇರೇನೂ ತೋರಿಸಲಾರದು.

ಇನ್ನು ಅಕ್ಷರಗಳ ವಿಚಾರ. ಮಾದರಿ ಕಲ್ಲಿಗೆ 8,000 ತ್ರಿಕೋನಗಳೆಂದು ನಿಗದಿಪಡಿಸಿದರೆ ಮೂಲಕ್ಕಿಂತ ಸಂಖ್ಯೆ 2,500 ಪಟ್ಟು ತಗ್ಗುತ್ತದೆ. ಅವುಗಳನ್ನು ಸಮವಾಗಿ ಹಂಚಿದರೆ ಒಂದೊಂದರ ಬದಿ ಸುಮಾರು 34 ಮಿಲಿಮೀಟರ್ ಆಗುತ್ತದೆ. ಅಕ್ಷರದ ಎತ್ತರವೇ 30 ಮಿಲಿಮೀಟರ್. ಅಂದರೆ ಒಂದು ಅಕ್ಷರದ ಜಾಗಕ್ಕೆ ಒಂದೆರಡು ತ್ರಿಕೋನಗಳಿಗಿಂತ ಹೆಚ್ಚು ಸಿಗುವುದಿಲ್ಲ. ಶಿಲ್ಪಕ್ಕೆ ಹೆಚ್ಚು ಪಾಲು ಕೊಟ್ಟರೆ ಬರಹದ ಪಟ್ಟಿಗೆ ಇನ್ನೂ ಕಡಿಮೆ. ಹೀಗೆ ಮರುಹೆಣಿಗೆಯಾದ ಕಲ್ಲಿನ ಮೇಲೆ ಶಾಸನವೇ ಇರುವುದಿಲ್ಲ. ಬರಹದ ಪಟ್ಟಿ ನುಣುಪಾದ ಹಲಗೆಯಾಗಿರುತ್ತದೆ. ಮುಂದೆ ಅಲ್ಲಿ ಕಾಣುವ ಪ್ರತಿಯೊಂದು ಅಕ್ಷರವೂ ಚಿತ್ರದಿಂದ ಬಂದದ್ದು.

ಮೇಲ್ಮೈಯನ್ನು ಬಿಡಿಸಿ ಹಾಸುವುದು

ಚಿತ್ರವನ್ನು ಹೊದಿಸಬೇಕಾದರೆ ಮೊದಲು ಹಗುರ ಜಾಲದ ಮೇಲ್ಮೈಯನ್ನು ಕತ್ತರಿಸಿ ಸಮತಲದಲ್ಲಿ ಹಾಸಬೇಕಾಗುತ್ತದೆ. ಇದಕ್ಕೆ ಯುವಿ ಬಿಡಿಕೆ ಎನ್ನಲಾಗುತ್ತದೆ. ದರ್ಜಿಯು ಹೊಲಿಗೆಯನ್ನು ಕಣ್ಣಿಗೆ ಬೀಳದ ಕಡೆ ಇಡುವಂತೆ ಕತ್ತರಿಯ ಗೆರೆಯನ್ನು ಕಲ್ಲಿನ ಹಿಂಬದಿಯ ಅಂಚಿನಲ್ಲಿ ಇಡಬೇಕು. ಬರಹದ ಸಾಲಿನ ನಡುವೆ ಗೆರೆ ಹಾದುಹೋದರೆ ಆ ಜಾಗದಲ್ಲಿ ಸಣ್ಣ ಬಿರುಕು ಕಾಣಿಸಿ, ಅದು ಅಕ್ಷರದ ಭಾಗವೆಂಬ ಭ್ರಮೆಯನ್ನು ಉಂಟುಮಾಡಬಹುದು.

ಹಾಸಿದ ಮೇಲ್ಮೈಗೆ ದೊರೆಯುವ ಚಿತ್ರದ ಸಾಂದ್ರತೆಯೇ ಓದಿನ ಗುಣಮಟ್ಟವನ್ನು ತೀರ್ಮಾನಿಸುತ್ತದೆ. ಉದ್ದಗಲ 4,096 ಪಿಕ್ಸೆಲ್‌ಗಳಿರುವ ಚಿತ್ರದ ಮುಕ್ಕಾಲು ಭಾಗ ಬಳಕೆಯಾಗಿ, ನಾಲ್ಕು ಚದರ ಮೀಟರಿಗೆ ಸಮವಾಗಿ ಹಂಚಿಹೋದರೆ ಒಂದು ಪಿಕ್ಸೆಲಿನ ಪಾಲಿಗೆ ಕಲ್ಲಿನ ಸುಮಾರು 0.56 ಮಿಲಿಮೀಟರ್ ಬರುತ್ತದೆ. ಅಕ್ಷರದ ಗೆರೆಗೆ ಒಂಬತ್ತು ಪಿಕ್ಸೆಲ್‌ಗಳು ಸಿಗುತ್ತವೆ, ಓದಲು ಅಡ್ಡಿಯಿಲ್ಲ. ಅದೇ ಚಿತ್ರವನ್ನು 1,024 ಪಿಕ್ಸೆಲ್‌ಗಳಿಗೆ ಇಳಿಸಿದರೆ ಗೆರೆಗೆ ಉಳಿಯುವುದು ಎರಡೇ ಪಿಕ್ಸೆಲ್. ಆಗ ಅಕ್ಷರವಿದೆಯೆಂದು ತಿಳಿಯಬಹುದೇ ವಿನಾ ಯಾವ ಅಕ್ಷರವೆಂದು ಹೇಳಲಾಗದು. ಹಿಂಭಾಗ ಮತ್ತು ಪಕ್ಕಗಳನ್ನು ಅರ್ಧ ಅಳತೆಗೆ ಕುಗ್ಗಿಸಿ, ಬರಹವಿರುವ ಮುಂಭಾಗವನ್ನು ಹಿಗ್ಗಿಸಿದರೆ ಅದೇ 4,096ರ ಚಿತ್ರದಲ್ಲಿ ಒಂದು ಪಿಕ್ಸೆಲಿಗೆ 0.41 ಮಿಲಿಮೀಟರ್ ದೊರೆತು, ಗೆರೆಗೆ ಹನ್ನೆರಡು ಪಿಕ್ಸೆಲ್‌ಗಳು ಸಿಗುತ್ತವೆ. ಯಂತ್ರಕ್ಕೆ ಹೆಚ್ಚಿನ ಭಾರವಿಲ್ಲದೆ ದೊರೆಯುವ ಲಾಭವಿದು.

ವಿವರವನ್ನು ಅಚ್ಚಿಳಿಸುವುದು

ಭಾರದ ಜಾಲದ ವಿವರವನ್ನು ಹಗುರ ಜಾಲದ ಚಿತ್ರಕ್ಕೆ ಇಳಿಸುವ ಕ್ರಿಯೆಗೆ ಬೇಕಿಂಗ್ ಎಂದು ಹೆಸರು. ಶಾಸನಾಭ್ಯಾಸಿಗಳಿಗೆ ಇದು ಹೊಸ ಕಲ್ಪನೆಯಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿಯ ಮೆತ್ತೆಯನ್ನು ಒತ್ತಿ ಪಡಿಯಚ್ಚು ತೆಗೆಯುವಾಗ ತಗ್ಗು ಬಿಳಿಯಾಗಿಯೂ ಮೇಲ್ಮೈ ಕಪ್ಪಾಗಿಯೂ ಕಾಗದಕ್ಕೆ ಇಳಿಯುತ್ತದೆ. ಬೇಕಿಂಗ್ ಕೂಡ ಒಂದು ಬಗೆಯ ಪಡಿಯಚ್ಚು. ಆದರೆ ಇದರಲ್ಲಿ ಇಳಿಯುವುದು ಕಪ್ಪು ಬಿಳುಪಲ್ಲ, ಇಳಿಜಾರು. ಮೇಲ್ಮೈ ಯಾವ ದಿಕ್ಕಿಗೆ ಎಷ್ಟು ವಾಲಿದೆ ಎಂಬುದನ್ನು ಪ್ರತಿ ಪಿಕ್ಸೆಲಿನ ಕೆಂಪು, ಹಸಿರು, ನೀಲಿ ಅಂಕಿಗಳಲ್ಲಿ ಬರೆದಿಡಲಾಗುತ್ತದೆ. ಇಂತಹ ಚಿತ್ರವೇ ನಾರ್ಮಲ್ ಮ್ಯಾಪ್. ಎಂಜಿನ್ ಈ ಅಂಕಿಗಳನ್ನು ಓದಿ, ಸಪಾಟಾದ ತ್ರಿಕೋನದ ಮೇಲೆ ಇಳಿಜಾರು ಇದ್ದಂತೆಯೇ ಬೆಳಕನ್ನು ಹಂಚುತ್ತದೆ. ದಟ್ಟ ಜಾಲದ ವಿವರವನ್ನು ಚಿತ್ರಕ್ಕೆ ವರ್ಗಾಯಿಸುವ ಈ ಆಲೋಚನೆಯನ್ನು 1996ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೆಂಕಟ್ ಕೃಷ್ಣಮೂರ್ತಿ ಮತ್ತು ಮಾರ್ಕ್ ಲೆವೊಯ್ ಅವರ ಪ್ರಬಂಧದಲ್ಲಿ ಕಾಣಬಹುದು. 2004ರ ಡೂಮ್ 3 ಮುಂತಾದ ಆಟಗಳಿಂದ ನಾರ್ಮಲ್ ಮ್ಯಾಪ್ ವ್ಯಾಪಕ ಬಳಕೆಗೆ ಬಂದಿತು.

ಬ್ಲೆಂಡರ್ ತಂತ್ರಾಂಶದಲ್ಲಿ ಮೊದಲು ಭಾರದ ಜಾಲವನ್ನೂ ಅನಂತರ ಹಗುರ ಜಾಲವನ್ನೂ ಆಯ್ದುಕೊಂಡು `Selected to Active` ಎಂಬ ಆಯ್ಕೆಯನ್ನು ಒತ್ತಿದಾಗ ಎರಡೂ ಜಾಲಗಳ ನಡುವೆ ಕಿರಣಗಳು ಹಾಯುತ್ತವೆ. ಕಿರಣವು ಹಗುರ ಜಾಲದಿಂದ ಎಷ್ಟು ಹೊರಗಿನಿಂದ ಹೊರಡಬೇಕೆಂಬುದನ್ನು `Extrusion` ಎಂಬಲ್ಲಿ ನಮೂದಿಸಬೇಕು. ಈ ದೂರ ಎರಡು ಜಾಲಗಳ ನಡುವಿನ ಅತಿ ಹೆಚ್ಚಿನ ಅಂತರಕ್ಕಿಂತ ತುಸು ಹೆಚ್ಚಿರಬೇಕು. ಮಾದರಿ ಕಲ್ಲಿಗೆ 10 ಮಿಲಿಮೀಟರ್ ಎಂದು ಆರಂಭಿಸಿ ನೋಡಬಹುದು. ದೂರ ಸಾಲದಿದ್ದರೆ ಭಾರದ ಜಾಲದ ಉಬ್ಬುಗಳು ಕಿರಣಕ್ಕೆ ಸಿಗದೆ ಚಿತ್ರದಲ್ಲಿ ಹರಿದಂತಹ ತೇಪೆಗಳು ಬರುತ್ತವೆ. ದೂರ ಹೆಚ್ಚಾದರೆ ವೀರನ ತೋಳಿಗೂ ದೇಹಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಕಿರಣವು ಪಕ್ಕದ ಮೇಲ್ಮೈಗೆ ತಾಗಿ, ತೋಳಿನ ವಿವರ ಎದೆಯ ಮೇಲೆ ಮೂಡುತ್ತದೆ. ಮೊದಲ ದೋಷ ಕಣ್ಣಿಗೆ ರಾಚುತ್ತದೆ. ಎರಡನೆಯದು ಮೆಲುವಾಗಿ ಬರುವುದರಿಂದ ಶಿಲ್ಪದ ಇಕ್ಕಟ್ಟುಗಳನ್ನು ಭಾರದ ಮಾದರಿಯೊಡನೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಿಯೇ ಪತ್ತೆಹಚ್ಚಬೇಕು.

ಶಾಸನದ ದೃಷ್ಟಿಯಿಂದ ಅತಿ ಅಪಾಯಕಾರಿಯಾದ ದೋಷ ಇನ್ನೊಂದಿದೆ. ನಾರ್ಮಲ್ ಮ್ಯಾಪಿನ ಹಸಿರು ಅಂಕಿಗೆ ಎರಡು ಸಂಪ್ರದಾಯಗಳಿವೆ. ಬ್ಲೆಂಡರ್ ಮತ್ತು ಯೂನಿಟಿ ಒಂದನ್ನು ಅನುಸರಿಸಿದರೆ ಅನ್‌ರಿಯಲ್ ಎಂಜಿನ್ ಅದರ ವಿರುದ್ಧವಾದುದನ್ನು ಅನುಸರಿಸುತ್ತದೆ. ಒಂದರಲ್ಲಿ ಸಿದ್ಧವಾದ ಚಿತ್ರವನ್ನು ಬದಲಾಯಿಸದೆ ಇನ್ನೊಂದಕ್ಕೆ ಒಯ್ದರೆ ಲಂಬ ದಿಕ್ಕಿನ ಇಳಿಜಾರುಗಳೆಲ್ಲ ತಲೆಕೆಳಗಾಗುತ್ತವೆ. ಇದರ ಲಕ್ಷಣ ವಿಚಿತ್ರವಾದುದು: ಅಕ್ಷರದ ಅಡ್ಡಗೆರೆಗಳು ಉಬ್ಬಿದಂತೆ ಕಾಣುತ್ತವೆ, ನೆಟ್ಟಗೆರೆಗಳು ಕೊರೆದಂತೆಯೇ ಉಳಿಯುತ್ತವೆ. ದುಂಡನೆಯ ಅಕ್ಷರದಲ್ಲಿ ಮೇಲಿನ ಮತ್ತು ಕೆಳಗಿನ ಬಾಗುಗಳು ಎದ್ದು, ಪಕ್ಕದ ಬಾಗುಗಳು ತಗ್ಗಿ, ರೂಪವೇ ಅಸ್ಪಷ್ಟವಾಗುತ್ತದೆ. ಕಲ್ಲು ಸವೆದಿದೆಯೆಂದು ನೋಡುಗ ಭಾವಿಸಬಹುದಾದರೂ ಸವೆತ ಕಲ್ಲಿನದಲ್ಲ. ಹಸಿರು ಅಂಕಿಯನ್ನು ತಿರುಗಿಸಿದೊಡನೆ ಅಕ್ಷರ ಸರಿಹೋಗುತ್ತದೆ.

ಇದೇ ಚಿತ್ರವನ್ನು ಎಂಜಿನ್ ಬಣ್ಣದ ಚಿತ್ರವೆಂದು ತಿಳಿದು ಅದಕ್ಕೆ ಬಣ್ಣದ ತಿದ್ದುಪಡಿಯನ್ನು ಅನ್ವಯಿಸಿದರೂ ಇಳಿಜಾರುಗಳು ಕೆಡುತ್ತವೆ. ಬ್ಲೆಂಡರಿನಲ್ಲಿ ಇದನ್ನು `Non-Color` ಎಂದು ಗುರುತಿಸುವುದು ಅವಶ್ಯಕ. ಸವೆದ ಕಲ್ಲಿನ ಸೌಮ್ಯ ಇಳಿಜಾರುಗಳಿಗೆ ಎಂಟು ಬಿಟ್‌ಗಳ ಚಿತ್ರದ 256 ಮೆಟ್ಟಿಲುಗಳು ಸಾಲುವುದಿಲ್ಲ. ಸಪಾಟಾದ ಕಡೆ ಒಂದು ಮೆಟ್ಟಿಲು ಸುಮಾರು ಅರ್ಧ ಡಿಗ್ರಿ ವಾಲುವಿಕೆಗೆ ಸಮನಾಗಿ, ಅದಕ್ಕಿಂತ ಸೂಕ್ಷ್ಮವಾದುದು ಪಟ್ಟೆಗಳಾಗಿ ಒಡೆಯುತ್ತದೆ. ಆದುದರಿಂದ ಮೊದಲ ಅಚ್ಚನ್ನು ಹದಿನಾರು ಬಿಟ್‌ಗಳಲ್ಲಿ ತೆಗೆದು ಕಾದಿರಿಸಿ, ಅದರಿಂದ ಬಳಕೆಯ ಪ್ರತಿಯನ್ನು ಇಳಿಸುವುದು ಕ್ಷೇಮಕರ.

ಬಣ್ಣದ ಪದರ ಮತ್ತು ಹಳೆಯ ಓದುಗಳ ಗುರುತು

ಛಾಯಾಚಿತ್ರಗಳಿಂದ ಬಂದ ಬಣ್ಣವನ್ನೂ ಇದೇ ರೀತಿ ಹಗುರ ಜಾಲಕ್ಕೆ ಇಳಿಸಲಾಗುತ್ತದೆ. ಚಿತ್ರ ತೆಗೆದ ದಿನದ ನೆರಳು ಅದರಲ್ಲಿ ಉಳಿದಿದ್ದರೆ ಎಂಜಿನ್ ಹೊಸ ನೆರಳನ್ನು ಅದರ ಮೇಲೆ ಹಾಕುತ್ತದೆ. ಮಂಟಪದಡಿ ನಿಂತ ಕಲ್ಲಿಗೆ ಒಂದು ಬದಿಯಿಂದ ಮಾತ್ರ ಬೆಳಕು ಬೀಳುವುದರಿಂದ ಈ ತೊಂದರೆ ಸಾಮಾನ್ಯ. ತಗ್ಗುಗಳಲ್ಲಿ ಸಹಜವಾಗಿ ಸೇರುವ ಮಬ್ಬನ್ನು ಭಾರದ ಜಾಲದಿಂದಲೇ ಪ್ರತ್ಯೇಕ ಚಿತ್ರವಾಗಿ ಲೆಕ್ಕಹಾಕಿ, ಅದರ ನೆರವಿನಿಂದ ಬಣ್ಣದ ಚಿತ್ರದ ನೆರಳನ್ನು ತಿಳಿಗೊಳಿಸುವುದು ವಾಡಿಕೆ. ತಿಳಿಗೊಳಿಸುವಾಗ ಕುಂಚ ಹಿಡಿದು ಅಕ್ಷರದ ಒಳಗೆ ಬಣ್ಣ ಬಳಿಯುವುದು ಮಾತ್ರ ಸಲ್ಲದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಓದುವ ಅನುಕೂಲಕ್ಕಾಗಿ ಹಲವು ಕಲ್ಲುಗಳ ಅಕ್ಷರಗಳಿಗೆ ಸೀಮೆಸುಣ್ಣ ಅಥವಾ ಬಿಳಿ ಬಣ್ಣ ತುಂಬುವ ರೂಢಿ ಇದ್ದಿತು. ಆ ಬಿಳುಪು ಆಕಾರದಲ್ಲಿ ಇರದೆ ಬಣ್ಣದ ಪದರದಲ್ಲಿ ಮಾತ್ರ ಇರುತ್ತದೆ. ಹಗುರ ಪ್ರತಿಯಲ್ಲಿ ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದರಿಂದ, ನೋಡುಗನು ಶಿಲ್ಪಿಯ ಉಳಿಯ ಗುರುತನ್ನು ಓದದೆ ಹಿಂದಿನ ಓದುಗನ ಊಹೆಯನ್ನು ಓದುತ್ತಾನೆ. ಬಣ್ಣದ ಪದರವನ್ನು ಆರಿಸಿ, ಏಕರೂಪವಾದ ಬೂದು ಬಣ್ಣದಲ್ಲಿ ನಾರ್ಮಲ್ ಮ್ಯಾಪನ್ನು ಮಾತ್ರ ಉಳಿಸಿ ನೋಡಿದರೆ ಇವೆರಡು ಬೇರ್ಪಡುತ್ತವೆ. ಆಗಲೂ ಕಾಣುವ ಗೆರೆ ಕಲ್ಲಿನದು. ಮಾಯವಾದ ಗೆರೆ ಬಣ್ಣದ್ದು.

ಪರೀಕ್ಷೆ ಮತ್ತು ಮಿತಿ

ಸಿದ್ಧವಾದ ಪ್ರತಿಯನ್ನು ಪರೀಕ್ಷಿಸಲು ಸರಳವಾದ ಉಪಾಯವೆಂದರೆ ಎಂಜಿನ್ನಿನಲ್ಲಿ ಒಂದೇ ದೀಪವಿಟ್ಟು ಅದನ್ನು ಕಲ್ಲಿನ ಸುತ್ತ ತಿರುಗಿಸುವುದು. ದೀಪ ಎಡಕ್ಕಿದ್ದಾಗ ಕೊರೆದ ಗೆರೆಯ ಎಡಗೋಡೆ ಮಬ್ಬಾಗಿ ಬಲಗೋಡೆ ಬೆಳಗಬೇಕು. ದೀಪ ಬಲಕ್ಕೆ ಬಂದಾಗ ಇದು ಅದಲುಬದಲಾಗಬೇಕು. ದೀಪ ಎಲ್ಲಿದ್ದರೂ ಒಂದೇ ಸಮನೆ ಕಪ್ಪಾಗಿರುವ ಗೆರೆ ಕಲೆ ಅಥವಾ ಉಳಿದುಹೋದ ನೆರಳು. ಮೇಲಿನಿಂದ ಬೆಳಕು ಬಿದ್ದಾಗ ಅಡ್ಡಗೆರೆ ಉಬ್ಬಿ ಕಂಡರೆ ಹಸಿರು ಅಂಕಿಯ ತಪ್ಪು.

ಸವೆದ ಅಕ್ಷರಗಳಿಗೆ ಈ ಪರೀಕ್ಷೆ ಸಾಲದು, ಏಕೆಂದರೆ ಅಲ್ಲಿನ ಸಂದೇಹ ಭಾರದ ಮಾದರಿಯಲ್ಲಿಯೇ ಇರುತ್ತದೆ. ಅರ್ಧ ಮಿಲಿಮೀಟರಿನಷ್ಟು ತಗ್ಗು ನಿಜವೋ ಗದ್ದಲವೋ ಎಂಬುದನ್ನು ತಿಳಿಯಲು ಮುಂಭಾಗವನ್ನು ಎರಡು ಬಾರಿ ಪ್ರತ್ಯೇಕವಾಗಿ ಚಿತ್ರಿಸಿ, ಎರಡು ಸ್ವತಂತ್ರ ಮಾದರಿಗಳನ್ನು ಕಟ್ಟಿ ಹೋಲಿಸಬೇಕಾಗುತ್ತದೆ. ಗದ್ದಲ ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ರೂಪದಲ್ಲಿ ಬರುವುದು ವಿರಳ. ಎರಡರಲ್ಲೂ ಕಾಣುವ ತಗ್ಗನ್ನು ಕಲ್ಲಿನದೆಂದು ಗ್ರಹಿಸಬಹುದು. ಆ ತಗ್ಗು ಉಳಿಯದೋ ಕಾಲದ ಸವೆತದ್ದೋ ಎಂಬ ತೀರ್ಮಾನ ಮಾತ್ರ ಲಿಪಿಶಾಸ್ತ್ರಜ್ಞನಿಗೇ ಬಿಟ್ಟದ್ದು.

ಎಲ್ಲ ಪರೀಕ್ಷೆಗಳಲ್ಲಿ ಗೆದ್ದ ಪ್ರತಿಗೂ ಮಿತಿಯಿದೆ. ನಾರ್ಮಲ್ ಮ್ಯಾಪ್ ಇಳಿಜಾರನ್ನು ಹೇಳುತ್ತದೆ, ಆಳವನ್ನಲ್ಲ. ಹಗುರ ಪ್ರತಿಯ ಮೇಲೆ ಅಳತೆಗೋಲು ಇಟ್ಟು ಅಕ್ಷರದ ಆಳವನ್ನು ಅಳೆಯಲು ಹೋದರೆ ಶೂನ್ಯ ಸಿಗುತ್ತದೆ. ಕಲ್ಲನ್ನು ಪೂರ್ತಿ ಪಕ್ಕದಿಂದ ನೋಡಿದಾಗ ಅಕ್ಷರಗಳು ಚಪ್ಪಟೆಯಾಗಿ ಕಾಣುತ್ತವೆ. ದೂರ ಸರಿದಂತೆ ಎಂಜಿನ್ ಚಿತ್ರದ ಚಿಕ್ಕ ಪ್ರತಿಗಳಿಗೆ ಬದಲಾಗಿ, ನೆರೆಯ ಇಳಿಜಾರುಗಳು ಸರಾಸರಿಯಾಗಿ ಬೆರೆತು ಬರಹ ಕರಗುತ್ತದೆ. ಇವು ದೋಷಗಳಲ್ಲ, ಹಗುರತೆಗೆ ತೆತ್ತ ಬೆಲೆ.

ಉಪಸಂಹಾರ

ಪಡಿಯಚ್ಚು ಕಲ್ಲಿಗೆ ಬದಲಿಯಲ್ಲವೆಂಬುದನ್ನು ಶಾಸನಶಾಸ್ತ್ರ ಮೊದಲಿನಿಂದಲೂ ಬಲ್ಲದು. ಸಂದೇಹ ಬಂದಾಗ ವಿದ್ವಾಂಸರು ಕಲ್ಲಿನ ಬಳಿಗೆ ಮರಳಿದ್ದಾರೆ. ಕಲ್ಲು ಕಳೆದುಹೋದ ಕಡೆ ಪಡಿಯಚ್ಚೇ ಕೊನೆಯ ಸಾಕ್ಷಿಯಾಗಿದೆ. ಮೂರು ಆಯಾಮದ ಪ್ರತಿಗಳಿಗೂ ಇದೇ ವಿವೇಕ ಅನ್ವಯಿಸುತ್ತದೆ. 8,000 ತ್ರಿಕೋನಗಳ ಹಗುರ ಪ್ರತಿಯು ಕಿತ್ತಯ್ಯನಂತಹ ವೀರನ ಕಲ್ಲನ್ನು ಶಾಲೆಯ ಮಗುವಿನ ಮುಂದೆ ನಿಲ್ಲಿಸಬಲ್ಲದು. ಶಾಸನಪಾಠವನ್ನು ಅದರಿಂದ ಸಿದ್ಧಪಡಿಸಬಾರದು.

ಆದುದರಿಂದ ಗ್ರಂಥಾಲಯ ಮತ್ತು ಸಂಗ್ರಹಾಲಯಗಳು ಇಂತಹ ಪ್ರತಿಯನ್ನು ಸ್ವೀಕರಿಸುವಾಗ ಅದರೊಡನೆ ಮೂಲ ಛಾಯಾಚಿತ್ರಗಳನ್ನೂ ಅಳತೆಪಟ್ಟಿಯ ವಿವರವನ್ನೂ ನಯಗೊಳಿಸದ ಭಾರದ ಜಾಲವನ್ನೂ ಕೇಳಿ ಪಡೆಯುವುದು ಅಗತ್ಯ. ಎರಡು ಕೋಟಿ ತ್ರಿಕೋನಗಳ ಜಾಲವು ಪಿಎಲ್‌ವೈ ಎಂಬ ಮುಕ್ತ ರೂಪದಲ್ಲಿ ನಾಲ್ಕುನೂರು ಮೆಗಾಬೈಟ್‌ಗಳ ಒಳಗೆ ಅಡಗುತ್ತದೆ; ಜಾಗದ ಕೊರತೆಯನ್ನು ಇದಕ್ಕೆ ಕಾರಣವಾಗಿ ಹೇಳಲಾಗದು. ತ್ರಿಕೋನಗಳ ಸಂಖ್ಯೆ, ಬರಹದ ಭಾಗದಲ್ಲಿ ಒಂದು ಪಿಕ್ಸೆಲಿಗೆ ಬರುವ ಮಿಲಿಮೀಟರ್, ಹಸಿರು ಅಂಕಿಯ ಸಂಪ್ರದಾಯ, ಕೈಯಿಂದ ತಿದ್ದಿದ ಜಾಗಗಳು – ಈ ನಾಲ್ಕು ವಿವರಗಳು ಪ್ರತಿಯ ಜೊತೆಗೆ ಬರಹದಲ್ಲಿ ಇರಬೇಕು. ಮೂಲ ಚಿತ್ರಗಳು ಉಳಿದಿದ್ದರೆ ನಾಳೆ ಉತ್ತಮ ತಂತ್ರಾಂಶದಿಂದ ಹೊಸ ಜಾಲವನ್ನು ಕಟ್ಟಬಹುದು, ಅದರಿಂದ ಹೊಸ ಹಗುರ ಪ್ರತಿಯನ್ನು ಇಳಿಸಬಹುದು. ಹಗುರ ಪ್ರತಿ ಮಾತ್ರ ಉಳಿದಿದ್ದರೆ ಅದರಿಂದ ಹಿಂದಕ್ಕೆ ನಡೆದು ಕಲ್ಲನ್ನು ಪಡೆಯುವ ದಾರಿಯಿಲ್ಲ.